ಹೆಸರಿಗಷ್ಟೇ ಡಯಾಬಿಟಿಸ್

2009ರ ಮೇ ತಿಂಗಳು. ಲಂಡನ್ನಿನ ದೊಡ್ಡ ಆಸ್ಪತ್ರೆಯೊಂದರ ವಾರ್ಡಿನಲ್ಲಿ ಮಲಗಿದ್ದ 22 ವರ್ಷದ ಯುವಕನೊಬ್ಬ ತನ್ನ ಮೊಬೈಲಿನಿಂದ ಪೊಲೀಸರಿಗೆ ಫೋನ್ ಮಾಡಿದ. ತನಗೆ ಬಾಯಾರಿಕೆ ತಡೆಯಲಾಗುತ್ತಿಲ್ಲ ಎಂದು ಹೇಳಿಕೊಂಡ. ಪೊಲೀಸರು ಬಂದದ್ದೂ ಹೌದು. ಗಾಬರಿಪಡುವಂಥದ್ದೇನಿಲ್ಲ ಎಂದು ಸಿಬ್ಬಂದಿ ಹೇಳಿದ ಮೇಲೆ ಅವರು ವಾಪಸ್ಸು ಹೋದರು. ಸೊಂಟದ ಕೀಲು ಬದಲಿಸುವ ಶಸ್ತ್ರಚಿಕಿತ್ಸೆಗೆಂದು ದಾಖಲಾಗಿದ್ದ ಆ ಯುವಕ ಸ್ವಲ್ಪದರಲ್ಲೇ ತೀರಿಕೊಂಡ. ಶಸ್ತ್ರಚಿಕಿತ್ಸೆಯಿಂದಲ್ಲ, ದೇಹದ ನೀರು ಬತ್ತಿ.

ಅವನಿಗಿದ್ದದ್ದು ಡಯಾಬಿಟಿಸ್ ಇನ್ಸಿಪಿಡಸ್. ಅದಕ್ಕೂ ಹಿಂದಿನ ವರ್ಷ ಅವನ ಮೆದುಳಿನಲ್ಲಿ ಗಡ್ಡೆ ಪತ್ತೆಯಾಗಿ, ದೇಹದ ನೀರನ್ನು ಹಿಡಿದಿಡುವ ಹಾರ್ಮೋನಿಗೆ ಧಕ್ಕೆಯಾಗಿತ್ತು. ಆ ಕೊರತೆ ತುಂಬಲು ದಿನಕ್ಕೆ ಹಲವು ಸಲ ಔಷಧ ಬೇಕಿತ್ತು. ಚಿಕಿತ್ಸೆಯ ಭಾಗವಾಗಿ ತೆಗೆದುಕೊಂಡ ಸ್ಟೀರಾಯ್ಡುಗಳಿಂದ ಮೂಳೆ ಸವೆದದ್ದರಿಂದಲೇ ಸೊಂಟದ ಕೀಲು ಬದಲಿಸಬೇಕಾಗಿ ಬಂದಿತ್ತು. ಆಸ್ಪತ್ರೆಯಲ್ಲಿ ಅವನಿಗೆ ಆ ಔಷಧ ಸಿಗಲಿಲ್ಲ. ನೀರು ಕಳೆದುಕೊಂಡ ಮೆದುಳು ಹತೋಟಿ ತಪ್ಪಿ ಅವನು ಕೂಗಾಡಿದ. ಅದನ್ನು ಕಾಯಿಲೆಯ ಲಕ್ಷಣವೆಂದು ಗುರುತಿಸದೆ ಪುಂಡಾಟವೆಂದು ತಿಳಿದು ನಿದ್ದೆಗೆ ಔಷಧ ಕೊಟ್ಟರು. 2012ರಲ್ಲಿ ಮುಗಿದ ವಿಚಾರಣೆಯಲ್ಲಿ, ಈ ಸಾವಿನಲ್ಲಿ ನಿರ್ಲಕ್ಷ್ಯದ ಪಾಲೂ ಇದೆ ಎಂದು ಕಾರನರ್ ತೀರ್ಮಾನಿಸಿದರು.

ಡಯಾಬಿಟಿಸ್ ಎಂಬ ಮಾತು ಕಿವಿಗೆ ಬಿದ್ದೊಡನೆ ಯಾರಿಗಾದರೂ ನೆನಪಾಗುವುದು ಸಕ್ಕರೆ ಕಾಯಿಲೆ. ರೋಗಿಯ ಕೇಸ್ ಷೀಟಿನಲ್ಲಿ ಆ ಪದ ಕಂಡರೆ ಬೆರಳು ಚುಚ್ಚಿ ಶುಗರ್ ನೋಡುವುದು, ಊಟದಿಂದ ಸಿಹಿ ತೆಗೆಸುವುದು ಆಸ್ಪತ್ರೆಗಳಲ್ಲಿ ತಾನಾಗಿ ನಡೆದುಬಿಡುವ ಕೆಲಸ. ಶುಗರ್ ಸರಿಯಾಗಿದ್ದರೆ ಕಾಯಿಲೆ ಹತೋಟಿಯಲ್ಲಿದೆ ಎಂಬ ಸಮಾಧಾನ. ಡಯಾಬಿಟಿಸ್ ಇನ್ಸಿಪಿಡಸ್ ಇರುವವರಲ್ಲಿ ಈ ಸಮಾಧಾನಕ್ಕೆ ಅರ್ಥವೇ ಇಲ್ಲ. ಅವರ ರಕ್ತದಲ್ಲಿ ಸಕ್ಕರೆ ಯಾವತ್ತೂ ಸರಿಯಾಗೇ ಇರುತ್ತದೆ. ಇನ್ಸುಲಿನ್ನಿಗೂ ಈ ಕಾಯಿಲೆಗೂ ಸಂಬಂಧವಿಲ್ಲ. ಇದು ವಿರಳ ಕಾಯಿಲೆ, ಸುಮಾರು 25,000 ಜನರಲ್ಲಿ ಒಬ್ಬರಿಗೆ ಬರುವಂಥದ್ದು. ಹಾಗಾಗಿ ಅನುಭವಿ ನರ್ಸ್ ಒಬ್ಬರು ಇಡೀ ವೃತ್ತಿಜೀವನದಲ್ಲಿ ಇಂಥ ರೋಗಿಯನ್ನು ನೋಡದೇ ಇರುವುದೂ ಸಾಧ್ಯ.

ಎರಡೂ ಕಾಯಿಲೆಗಳು ಹೊರನೋಟಕ್ಕೆ ಒಂದೇ ಥರ. ವಿಪರೀತ ಮೂತ್ರ, ವಿಪರೀತ ದಾಹ. ರಾತ್ರಿಯಲ್ಲಿ ಮತ್ತೆ ಮತ್ತೆ ಎದ್ದು ಬಚ್ಚಲಿಗೆ ಹೋಗುವುದು, ಬರುವಾಗ ಚೊಂಬು ನೀರು ಕುಡಿಯುವುದು. ಗ್ರೀಕ್ ವೈದ್ಯರು ಎರಡಕ್ಕೂ ಒಂದೇ ಹೆಸರಿಟ್ಟದ್ದು ಇದನ್ನು ನೋಡಿಯೇ. ದೇಹದೊಳಗೆ ಹೋದ ನೀರು ನಿಲ್ಲದೆ ಹಾದು ಹೊರಬೀಳುತ್ತದೆ ಎಂಬುದಷ್ಟೇ ಡಯಾಬಿಟಿಸ್ ಪದದ ಇಂಗಿತ. ಅದರಲ್ಲಿ ಸಕ್ಕರೆಯ ಪ್ರಸ್ತಾಪ ಇಲ್ಲ. 17ನೆಯ ಶತಮಾನದಲ್ಲಿ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ ಇಂಥ ರೋಗಿಗಳ ಮೂತ್ರದ ರುಚಿ ನೋಡಿ ಅದು ಸಿಹಿಯಾಗಿದೆ ಎಂದು ಬರೆದ. 1776ರಲ್ಲಿ ಮ್ಯಾಥ್ಯೂ ಡಾಬ್ಸನ್ ಮೂತ್ರವನ್ನು ಕಾಯಿಸಿ ಇಂಗಿಸಿ, ತಳದಲ್ಲಿ ಉಳಿದದ್ದು ಸಕ್ಕರೆಯೆಂದು ತೋರಿಸಿದ. ಆದರೆ ಕೆಲವು ರೋಗಿಗಳ ಮೂತ್ರದಲ್ಲಿ ಸಿಹಿ ಇರಲೇ ಇಲ್ಲ, ನೀರಿನಂತೆ ಸಪ್ಪೆ. ಸಿಹಿಯದ್ದು ಮೆಲಿಟಸ್ ಆಯಿತು, ಸಪ್ಪೆಯದ್ದು ಇನ್ಸಿಪಿಡಸ್ ಆಯಿತು. 1794ರಲ್ಲಿ ಯೋಹಾನ್ ಪೀಟರ್ ಫ್ರಾಂಕ್ ಸಪ್ಪೆ ಮೂತ್ರದ ಕಾಯಿಲೆಯನ್ನು ಬೇರೆಯಾಗಿಯೇ ವಿವರಿಸಿದ.

ನಮ್ಮ ಆಯುರ್ವೇದದಲ್ಲೂ ಇಂಥದ್ದೇ ವಿಂಗಡಣೆ ಇದೆ. ಚರಕ ಸಂಹಿತೆ ಹೇಳುವ 20 ಬಗೆಯ ಪ್ರಮೇಹಗಳಲ್ಲಿ ಮಧುಮೇಹವೂ ಇದೆ, ಉದಕಮೇಹವೂ ಇದೆ. ಉದಕಮೇಹದ ಮೂತ್ರ ತಿಳಿಯಾಗಿ, ಹೇರಳವಾಗಿ, ವಾಸನೆಯಿಲ್ಲದೆ ನೀರಿನಂತೆ ಇರುತ್ತದೆ. ಅದನ್ನು ಇಂದಿನ ಡಯಾಬಿಟಿಸ್ ಇನ್ಸಿಪಿಡಸ್‌ಗೆ ತಾಳೆಹಾಕಿ ಎರಡೂ ಒಂದೇ ಎನ್ನುವಂತಿಲ್ಲ. ಆದರೆ ಮೂತ್ರ ಹೆಚ್ಚಾದ ಮಾತ್ರಕ್ಕೆ ಅದು ಸಿಹಿಯಾಗಿರಬೇಕಿಲ್ಲ ಎಂಬುದನ್ನು ಗಮನಿಸಿದವರು ಇಲ್ಲಿಯೂ ಇದ್ದರು.

ಲಕ್ಷಣ ಒಂದೇ ಆದರೂ ನೀರು ಹೊರಬೀಳುವ ಕಾರಣ ಬೇರೆ. ಇದು ತಿಳಿಯಬೇಕಾದರೆ ಕಿಡ್ನಿಯ ಒಳಗೆ ನಡೆಯುವ ಕೆಲಸವನ್ನು ಸ್ವಲ್ಪ ನೋಡಬೇಕು.

ಆರೋಗ್ಯವಂತರ ಎರಡು ಕಿಡ್ನಿಗಳು ಒಂದು ದಿನಕ್ಕೆ ರಕ್ತದಿಂದ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಅಷ್ಟನ್ನೂ ಹೊರಹಾಕಿದರೆ ಮನುಷ್ಯ ಬದುಕುವುದಿಲ್ಲ. ಹಾಗಾಗಿ ಸೋಸಿದ್ದರಲ್ಲಿ ಹೆಚ್ಚಿನ ಪಾಲನ್ನು ಕಿಡ್ನಿಯ ಸಣ್ಣ ನಾಳಗಳು ಯಾರ ಅಪ್ಪಣೆಗೂ ಕಾಯದೆ ರಕ್ತಕ್ಕೆ ಮರಳಿಸಿಬಿಡುತ್ತವೆ. ಕೊನೆಯಲ್ಲಿ ಉಳಿಯುವುದು ಸುಮಾರು 20 ಲೀಟರ್. ಇದರಲ್ಲಿ ಎಷ್ಟನ್ನು ಉಳಿಸಿಕೊಳ್ಳಬೇಕು, ಎಷ್ಟನ್ನು ಬಿಡಬೇಕು ಎಂಬುದು ಆ ಹೊತ್ತಿನ ಅಗತ್ಯಕ್ಕೆ ತಕ್ಕಂತೆ ತೀರ್ಮಾನವಾಗುತ್ತದೆ. ಸಾಮಾನ್ಯವಾಗಿ ಒಂದೂವರೆ, ಎರಡು ಲೀಟರ್ ಮಾತ್ರ ಮೂತ್ರವಾಗಿ ಹೊರಬರುತ್ತದೆ.

ಈ ತೀರ್ಮಾನ ಮಾಡುವುದು ಮೆದುಳು. ಮೆದುಳಿನ ತಳದಲ್ಲಿರುವ ಹೈಪೊಥಲಾಮಸ್ ಎಂಬ ಭಾಗ ರಕ್ತದ ಸಾಂದ್ರತೆಯನ್ನು ಸದಾ ಅಳೆಯುತ್ತಿರುತ್ತದೆ. ಬಿಸಿಲಲ್ಲಿ ಬೆವರಿ ರಕ್ತ ನೂರಕ್ಕೆ ಒಂದೆರಡು ಪಾಲಿನಷ್ಟು ಗಟ್ಟಿಯಾದರೂ ಅದಕ್ಕೆ ಗೊತ್ತಾಗುತ್ತದೆ. ಆಗ ಅದು ತಾನೇ ತಯಾರಿಸಿ ಪಿಟ್ಯುಟರಿ ಗ್ರಂಥಿಯ ಹಿಂಭಾಗದಲ್ಲಿ ಕೂಡಿಟ್ಟಿರುವ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡಿಸುತ್ತದೆ, ಜತೆಗೇ ಬಾಯಾರಿಕೆಯನ್ನೂ ಹುಟ್ಟಿಸುತ್ತದೆ. ವ್ಯಾಸೊಪ್ರೆಸಿನ್ ಕಿಡ್ನಿಯ ಕೊನೆಯ ನಾಳಗಳಿಗೆ ತಲುಪಿದಾಗ ಅಲ್ಲಿನ ಕೋಶಗಳ ಮೈಮೇಲೆ ಅಕ್ವಾಪೊರಿನ್ ಎಂಬ ಪ್ರೊಟೀನಿನ ಬಾಗಿಲುಗಳು ಬಂದು ಕೂರುತ್ತವೆ. ಅವುಗಳ ಮೂಲಕ ನೀರು ಮಾತ್ರ ಒಳಕ್ಕೆ ಹೋಗುತ್ತದೆ, ಮೂತ್ರ ಗಟ್ಟಿಯಾಗುತ್ತದೆ. ಈ ನೀರಿನ ಬಾಗಿಲುಗಳನ್ನು ಪತ್ತೆಹಚ್ಚಿದ್ದಕ್ಕೆ ಅಮೆರಿಕದ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ನೊಬೆಲ್ ಬಂತು.

ಡಯಾಬಿಟಿಸ್ ಇನ್ಸಿಪಿಡಸ್ ಎಂದರೆ ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದೆ ಎಂದರ್ಥ. ಒಂದೋ ಮೆದುಳಿನಿಂದ ಹಾರ್ಮೋನ್ ಸಾಲದು, ಇಲ್ಲವೇ ಹಾರ್ಮೋನ್ ಬಂದರೂ ಕಿಡ್ನಿ ಅದಕ್ಕೆ ಸ್ಪಂದಿಸದು. ಮೊದಲನೆಯದಕ್ಕೆ ಪಿಟ್ಯುಟರಿ ಬಳಿಯ ಗಡ್ಡೆ, ಅಲ್ಲಿ ನಡೆದ ಶಸ್ತ್ರಚಿಕಿತ್ಸೆ, ತಲೆಗೆ ಬಿದ್ದ ಬಲವಾದ ಪೆಟ್ಟು, ಕೆಲವೊಮ್ಮೆ ದೇಹದ ರೋಗನಿರೋಧಕ ವ್ಯವಸ್ಥೆಯೇ ಮಾಡುವ ದಾಳಿ ಕಾರಣ. ಎರಡನೆಯದು ಕೆಲವರಿಗೆ ಹುಟ್ಟಿನಿಂದ ಬರುತ್ತದೆ. ದೊಡ್ಡವರಲ್ಲಿ ಅದಕ್ಕೆ ಮುಖ್ಯ ಕಾರಣ ಬೈಪೋಲಾರ್ ಕಾಯಿಲೆಗೆ ವರ್ಷಗಟ್ಟಲೆ ತೆಗೆದುಕೊಳ್ಳುವ ಲಿಥಿಯಂ ಮಾತ್ರೆ. ಎರಡರಲ್ಲೂ ನೀರಿನ ಬಾಗಿಲು ತೆರೆಯುವುದಿಲ್ಲ, ಆ 20 ಲೀಟರಿನ ಹೆಚ್ಚಿನ ಪಾಲು ಸೋರಿಹೋಗುತ್ತದೆ. ದಿನಕ್ಕೆ ಮೂರು ಲೀಟರಿಗಿಂತ ಹೆಚ್ಚು ತೆಳು ಮೂತ್ರ ಬಂದರೆ ವೈದ್ಯರಿಗೆ ಸಂಶಯ ಶುರುವಾಗುತ್ತದೆ. ಕಾಯಿಲೆ ಬಲವಾಗಿದ್ದವರಲ್ಲಿ ಅದು ಹತ್ತು, ಹದಿನೈದು ಲೀಟರ್ ಮುಟ್ಟುವುದೂ ಉಂಟು.

ಸಕ್ಕರೆ ಕಾಯಿಲೆಯಲ್ಲಿ ಈ ಹಾರ್ಮೋನಿನದೂ ಅಕ್ವಾಪೊರಿನ್‌ಗಳದೂ ತಪ್ಪಿಲ್ಲ. ಅಲ್ಲಿ ತೊಂದರೆ ಇನ್ಸುಲಿನ್ನಿನದು. ರಕ್ತದ ಸಕ್ಕರೆ ಸುಮಾರು 180 ಮಿಲಿಗ್ರಾಂ ದಾಟಿದರೆ ಕಿಡ್ನಿಗೆ ಅದನ್ನು ಪೂರ್ತಿ ಮರಳಿ ಪಡೆಯುವುದು ಕಷ್ಟ, ಉಳಿದದ್ದು ಮೂತ್ರಕ್ಕೆ ಇಳಿಯುತ್ತದೆ. ಹೆಚ್ಚಿದ ಮಾವಿನಕಾಯಿಗೆ ಉಪ್ಪು ಬೆರೆಸಿಟ್ಟರೆ ಹೋಳು ನೀರು ಬಿಡುವ ಹಾಗೆ, ಮೂತ್ರಕ್ಕಿಳಿದ ಸಕ್ಕರೆ ತನ್ನೊಡನೆ ನೀರನ್ನೂ ಎಳೆದುಕೊಳ್ಳುತ್ತದೆ. ನೀರು ಹೋಗುವುದು ಸಕ್ಕರೆಯ ಬೆನ್ನಿಗೆ. ಸಕ್ಕರೆ ಇಳಿಸಿದರೆ ಮೂತ್ರವೂ ಇಳಿಯುತ್ತದೆ. ಇನ್ಸಿಪಿಡಸ್‌ನಲ್ಲಿ ಇಳಿಸಲು ಸಕ್ಕರೆಯೇ ಇಲ್ಲ.

ಈ ವ್ಯತ್ಯಾಸವನ್ನು ಯಾವುದೇ ಸಾಮಾನ್ಯ ಲ್ಯಾಬಿನಲ್ಲಿ, ಸಾಮಾನ್ಯ ಮೂತ್ರಪರೀಕ್ಷೆಯಲ್ಲೇ ಕಾಣಬಹುದು. ಮೂತ್ರದ ರಿಪೋರ್ಟಿನಲ್ಲಿ ಸ್ಪೆಸಿಫಿಕ್ ಗ್ರಾವಿಟಿ ಎಂಬ ಒಂದು ಸಾಲು ಇರುತ್ತದೆ. ಬಹಳಷ್ಟು ಮಂದಿ ಅದರತ್ತ ಕಣ್ಣು ಹಾಯಿಸುವುದೇ ಇಲ್ಲ. ಅದು ನೀರಿಗೆ ಹೋಲಿಸಿದರೆ ಮೂತ್ರ ಎಷ್ಟು ಭಾರ ಎಂಬುದರ ಲೆಕ್ಕ. ಶುದ್ಧ ನೀರಿನದು 1.000. ಸಕ್ಕರೆ ತೀರಾ ಏರಿದವರ ಮೂತ್ರ ಲೀಟರುಗಟ್ಟಲೆ ಹೋದರೂ ಅದರಲ್ಲಿ ಸಕ್ಕರೆ ಕರಗಿರುವುದರಿಂದ ಈ ಅಂಕಿ 1.030ರ ಆಸುಪಾಸಿಗೆ ಏರಬಹುದು, ಗ್ಲೂಕೋಸಿನ ಸಾಲಿನಲ್ಲಿ ಮೂರು ನಾಲ್ಕು ಪ್ಲಸ್ ಗುರುತು ಇರುತ್ತದೆ. ಇನ್ಸಿಪಿಡಸ್ ಇರುವವರದು 1.005 ಅಥವಾ ಅದಕ್ಕೂ ಕಡಿಮೆ, ಗ್ಲೂಕೋಸ್ ಇಲ್ಲ. ಬಾಟಲಿಯಲ್ಲಿ ಹಿಡಿದ ಮೂತ್ರಕ್ಕೆ ಬಣ್ಣವೇ ಇರುವುದಿಲ್ಲ, ನಲ್ಲಿ ನೀರಿನ ಪಕ್ಕ ಇಟ್ಟರೆ ಯಾವುದು ಯಾವುದೆಂದು ಹೇಳುವುದು ಕಷ್ಟ.

ಆದರೆ ತೆಳು ಮೂತ್ರ ಕಂಡೊಡನೆ ಇದು ಇನ್ಸಿಪಿಡಸ್ ಎಂದು ಹೇಳಿಬಿಡುವಂತಿಲ್ಲ. ಕೆಲವರಿಗೆ ಅಭ್ಯಾಸದಿಂದಲೋ ಮಾನಸಿಕ ಕಾಯಿಲೆಯಿಂದಲೋ ಸದಾ ನೀರು ಕುಡಿಯುವ ಒತ್ತಡ ಇರುತ್ತದೆ. ಅವರು ಕುಡಿದದ್ದಕ್ಕೆ ಮೂತ್ರ ಹೋಗುತ್ತದೆ. ಇನ್ಸಿಪಿಡಸ್ ಇರುವವರಿಗೆ ಮೂತ್ರ ಹೋದದ್ದಕ್ಕೆ ಕುಡಿಯಬೇಕಾಗುತ್ತದೆ. ಯಾವುದು ಮೊದಲು, ಯಾವುದು ಆಮೇಲೆ ಎಂದು ಬಿಡಿಸಲು ವೈದ್ಯರು ಬಹುಕಾಲದಿಂದ ಮಾಡುತ್ತಿರುವುದು ನೀರು ನಿಲ್ಲಿಸುವ ಪರೀಕ್ಷೆ.

ಉದಾಹರಣೆಗೆ 60 ಕಿಲೊ ತೂಕದ ಮಹಿಳೆಯೊಬ್ಬರನ್ನು ತೆಗೆದುಕೊಳ್ಳೋಣ. ಬೆಳಿಗ್ಗೆ ಎಂಟಕ್ಕೆ ತೂಕ ನೋಡಿ, ರಕ್ತ ಮತ್ತು ಮೂತ್ರದ ಸಾಂದ್ರತೆ ಅಳೆದು, ಅಲ್ಲಿಂದ ಮುಂದೆ ಒಂದು ಗುಟುಕು ನೀರೂ ಕೊಡದೆ ವಾರ್ಡಿನಲ್ಲಿ ಕೂರಿಸುತ್ತಾರೆ. ಬಚ್ಚಲಿಗೆ ಹೋಗುವಾಗಲೂ ಜತೆಗೆ ಒಬ್ಬರು ಇರುತ್ತಾರೆ. ಕಾಯಿಲೆ ಬಲವಾಗಿದ್ದವರು ದಾಹ ತಾಳಲಾರದೆ ಬಚ್ಚಲ ನಲ್ಲಿಗೆ ಬಾಯಿಟ್ಟರೆ ಪರೀಕ್ಷೆಯೇ ಕೆಟ್ಟುಹೋಗುತ್ತದೆ. ಗಂಟೆಗೊಮ್ಮೆ ಮೂತ್ರ, ಗಂಟೆಗೊಮ್ಮೆ ತೂಕ. ತೂಕ ನೂರಕ್ಕೆ ಮೂರರಷ್ಟು ಇಳಿದರೆ, ಅಂದರೆ ಈಕೆ 58.2 ಕಿಲೊಗೆ ಬಂದರೆ, ಅಥವಾ ರಕ್ತದ ಸೋಡಿಯಂ ಏರತೊಡಗಿದರೆ ಅಲ್ಲಿಗೆ ನಿಲ್ಲಿಸಲೇಬೇಕು. ಮುಂದುವರಿಸುವುದು ಅಪಾಯ.

ಆರೋಗ್ಯವಂತರಾದರೆ ಈ ಹೊತ್ತಿಗೆ ಮೂತ್ರ ಕಡಿಮೆಯಾಗಿ ಕಡು ಹಳದಿಗೆ ತಿರುಗಿ, ಸಾಂದ್ರತೆ 700, 800 ಯೂನಿಟ್ ದಾಟಿರುತ್ತದೆ. ಈ ಮಹಿಳೆಯ ರಕ್ತ ಗಟ್ಟಿಯಾಗಿ 300 ಮೀರಿದ್ದರೂ ಮೂತ್ರ ಇನ್ನೂ 110ರಲ್ಲೇ ಇದೆ ಎಂದುಕೊಳ್ಳಿ. ದೇಹ ಒಣಗುತ್ತಿದೆ, ಕಿಡ್ನಿ ನೀರು ಚೆಲ್ಲುತ್ತಲೇ ಇದೆ. ಕಾಯಿಲೆ ಇನ್ಸಿಪಿಡಸ್ ಎಂಬುದು ಖಚಿತ. ಈಗ ವ್ಯಾಸೊಪ್ರೆಸಿನ್‌ನಂತೆಯೇ ಕೆಲಸ ಮಾಡುವ ಡೆಸ್ಮೊಪ್ರೆಸಿನ್ ಎಂಬ ಔಷಧವನ್ನು 2 ಮೈಕ್ರೊಗ್ರಾಂ ಚುಚ್ಚುತ್ತಾರೆ. ಒಂದೆರಡು ಗಂಟೆಯಲ್ಲಿ ಮೂತ್ರದ ಸಾಂದ್ರತೆ 480ಕ್ಕೆ ಜಿಗಿದರೆ ಕಿಡ್ನಿ ಸರಿಯಾಗಿದೆ, ಮೆದುಳಿನಿಂದ ಹಾರ್ಮೋನ್ ಬರುತ್ತಿಲ್ಲ ಎಂದು ತಿಳಿಯುತ್ತದೆ. 115ರಲ್ಲೇ ಉಳಿದರೆ ಕೆಟ್ಟಿರುವುದು ಕಿಡ್ನಿ. ಆಗ ಮುಂದಿನ ದಾರಿಯೂ ಬೇರೆ. ಹಾರ್ಮೋನ್ ಕೊರತೆಯಿದ್ದವರ ಪಿಟ್ಯುಟರಿಯ ಎಂಆರ್‌ಐ ಮಾಡಿಸಿ ಗಡ್ಡೆ ಇದೆಯೇ ಎಂದು ನೋಡಬೇಕು, ಕಿಡ್ನಿಯದಾದರೆ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿ ನೋಡಬೇಕು.

ಎಲ್ಲರಲ್ಲೂ ಫಲಿತಾಂಶ ಇಷ್ಟು ನಿಚ್ಚಳವಾಗಿ ಬರುವುದಿಲ್ಲ. ಹಾರ್ಮೋನ್ ಅರ್ಧಂಬರ್ಧ ಇರುವವರ ಅಂಕಿಗಳು, ವರ್ಷಗಟ್ಟಲೆ ಸುಮ್ಮನೆ ನೀರು ಕುಡಿದವರ ಅಂಕಿಗಳು ಒಂದರ ಮೇಲೊಂದು ಬೀಳುತ್ತವೆ. ಅದಕ್ಕೇ ಈಗ ದೊಡ್ಡ ಕೇಂದ್ರಗಳಲ್ಲಿ ಕೊಪೆಪ್ಟಿನ್ ಎಂಬ ರಕ್ತಪರೀಕ್ಷೆ ಬಳಕೆಗೆ ಬಂದಿದೆ. ವ್ಯಾಸೊಪ್ರೆಸಿನ್ ತಯಾರಾಗುವಾಗ ಅದರ ಜತೆಗೇ ಕತ್ತರಿಸಿ ಬೀಳುವ ತುಣುಕು ಇದು. ವ್ಯಾಸೊಪ್ರೆಸಿನ್ ರಕ್ತದಲ್ಲಿ ಬೇಗ ಕರಗಿಹೋಗುವುದರಿಂದ ಅಳೆಯುವುದು ಕಷ್ಟ, ಈ ತುಣುಕು ಗಟ್ಟಿಯಾಗಿ ನಿಲ್ಲುತ್ತದೆ. 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಗಾಢ ಉಪ್ಪುನೀರನ್ನು ಡ್ರಿಪ್ ಕೊಟ್ಟು ಕೊಪೆಪ್ಟಿನ್ ಅಳೆದಾಗ ನೂರರಲ್ಲಿ ಸುಮಾರು 96 ಮಂದಿಯಲ್ಲಿ ರೋಗನಿರ್ಣಯ ಸರಿಯಾಗಿತ್ತು. ನೀರು ನಿಲ್ಲಿಸುವ ಪರೀಕ್ಷೆಯಲ್ಲಿ ಅದು ಸುಮಾರು 77 ಮಾತ್ರ.

ಚಿಕಿತ್ಸೆಗೆ ಬಂದರೆ ಎರಡು ಡಯಾಬಿಟಿಸ್‌ಗಳ ದಾರಿ ಪೂರ್ತಿ ಬೇರೆಯಾಗುತ್ತದೆ. ಪಿಟ್ಯುಟರಿಯ ಸಾರವನ್ನು ಚುಚ್ಚಿದರೆ ಇನ್ಸಿಪಿಡಸ್ ರೋಗಿಗಳ ಮೂತ್ರ ತಗ್ಗುತ್ತದೆ ಎಂಬುದು 1913ರಲ್ಲೇ ಗೊತ್ತಾಗಿತ್ತು. ಇನ್ಸುಲಿನ್ ಬಂದದ್ದು ಅದಾದ ಎಂಟೊಂಬತ್ತು ವರ್ಷದ ಮೇಲೆ. ಈಗ ಬಳಕೆಯಲ್ಲಿರುವ ಡೆಸ್ಮೊಪ್ರೆಸಿನ್ ಮಾತ್ರೆಯಾಗಿಯೂ ಮೂಗಿಗೆ ಸಿಂಪಡಿಸುವ ಸ್ಪ್ರೇ ಆಗಿಯೂ ಸಿಗುತ್ತದೆ. ಹಾರ್ಮೋನ್ ಕೊರತೆಯವರಿಗೆ ಇದು ಬೇಗ ನಾಟುತ್ತದೆ, ರಾತ್ರಿ ಎದ್ದು ಎದ್ದು ಸುಸ್ತಾಗಿದ್ದವರು ಮೊದಲ ದಿನವೇ ನಿದ್ದೆ ಮಾಡುತ್ತಾರೆ. ಕಿಡ್ನಿಯೇ ಸ್ಪಂದಿಸದವರಿಗೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಅವರಿಗೆ ಉಪ್ಪು ಕಡಿಮೆ ಮಾಡಿಸಿ, ಬಿಪಿಗೆ ಕೊಡುವ ಥಯಾಜೈಡ್ ಮಾತ್ರೆ ಕೊಡುತ್ತಾರೆ. ಬೇರೆಯವರಿಗೆ ಮೂತ್ರ ಹೆಚ್ಚಿಸುವ ಈ ಮಾತ್ರೆ ಇವರಲ್ಲಿ ಮೂತ್ರ ಕಡಿಮೆ ಮಾಡುತ್ತದೆ. ದೇಹದಿಂದ ಸ್ವಲ್ಪ ಉಪ್ಪು ಹೋದಾಗ ಕಿಡ್ನಿ ಮೊದಲ ಹಂತದಲ್ಲೇ ಹೆಚ್ಚು ಉಪ್ಪನ್ನೂ ನೀರನ್ನೂ ಎಳೆದುಕೊಳ್ಳುತ್ತದೆ, ಕೊನೆಯ ನಾಳಕ್ಕೆ ತಲುಪುವ ದ್ರವವೇ ತಗ್ಗುತ್ತದೆ.

ಇನ್ಸುಲಿನ್ ಹೆಚ್ಚಾದರೆ ಸಕ್ಕರೆ ಕುಸಿಯುತ್ತದೆ ಎಂಬುದು ಮಧುಮೇಹಿಗಳ ಮನೆಯವರಿಗೆಲ್ಲ ಗೊತ್ತು. ಡೆಸ್ಮೊಪ್ರೆಸಿನ್ ಹೆಚ್ಚಾದರೆ ಕುಸಿಯುವುದು ಸೋಡಿಯಂ. ಮಾತ್ರೆ ಕೆಲಸ ಮಾಡುತ್ತಿರುವಾಗ ಹಳೆಯ ಅಭ್ಯಾಸದಂತೆ ಬಾಟಲಿಗಟ್ಟಲೆ ಕುಡಿದರೆ ನೀರು ಹೊರಹೋಗಲು ದಾರಿಯಿಲ್ಲದೆ ರಕ್ತ ತೆಳುವಾಗುತ್ತದೆ. ತಲೆನೋವು, ವಾಕರಿಕೆ, ಗೊಂದಲ, ಕೊನೆಗೆ ಫಿಟ್ಸ್. ಇದನ್ನು ತಪ್ಪಿಸಲು ವಾರಕ್ಕೊಮ್ಮೆ ಒಂದು ಡೋಸನ್ನು ತಡಮಾಡಿ, ಒಮ್ಮೆ ಧಾರಾಳವಾಗಿ ಮೂತ್ರ ಹೋದ ಮೇಲೆ ತೆಗೆದುಕೊಳ್ಳುವಂತೆ ವೈದ್ಯರು ಅನೇಕರಿಗೆ ಹೇಳಿಕೊಡುತ್ತಾರೆ. ಬಾಯಾರಿದಾಗ ಮಾತ್ರ ಕುಡಿಯಿರಿ ಎಂಬುದು ಇನ್ನೊಂದು ಸೂಚನೆ.

ಕೈಗೆ ನೀರು ಸಿಗುವವರೆಗೆ ಈ ಕಾಯಿಲೆಯವರು ಔಷಧ ತಪ್ಪಿದರೂ ಹೇಗೋ ದಿನ ದೂಡುತ್ತಾರೆ, ಹೋದಷ್ಟನ್ನು ದಾಹವೇ ಕುಡಿಸುತ್ತದೆ. ಅಪಾಯ ಇರುವುದು ಆ ದಾರಿ ಮುಚ್ಚಿದಾಗ. ಆಪರೇಷನ್ನಿಗೆ ಮುನ್ನ ಬಾಯಿಗೆ ಏನೂ ಹಾಕಬೇಡಿ ಎಂದಾಗ, ಅರಿವಳಿಕೆಯಲ್ಲಿದ್ದಾಗ, ಪ್ರಜ್ಞೆ ತಪ್ಪಿದಾಗ, ಕೇಳಲು ಬಾರದ ಕೂಸಾಗಿದ್ದಾಗ ಕೆಲವೇ ಗಂಟೆಗಳಲ್ಲಿ ಸೋಡಿಯಂ ಏರುತ್ತದೆ. ಏರಿದ ಸೋಡಿಯಂ ಮೊದಲು ತಟ್ಟುವುದು ಮೆದುಳಿಗೆ. ಸಿಡುಕು, ಕೂಗಾಟ, ಮಂಪರು. ಲಂಡನ್ನಿನ ಯುವಕನಲ್ಲಿ ಸಿಬ್ಬಂದಿ ಕಂಡದ್ದು ಇದನ್ನೇ. ಇಲ್ಲಿ ಹೆಸರು ಇನ್ನೊಂದು ತೊಡಕು ಹುಟ್ಟಿಸುತ್ತದೆ. ಕುಡಿಯಲಾಗದ ಇನ್ಸಿಪಿಡಸ್ ರೋಗಿಗೆ ಬೇಕಾದ್ದು ಉಪ್ಪಿಲ್ಲದ ನೀರು, ಅದನ್ನು ನಾಳಕ್ಕೆ ಕೊಡುವ ಸಾಮಾನ್ಯ ರೂಪ 5 ಪರ್ಸೆಂಟ್ ಗ್ಲೂಕೋಸ್ ಬಾಟಲಿ. ಡಯಾಬಿಟಿಸ್ ಎಂದು ಬರೆದಿರುವ ರೋಗಿಗೆ ಗ್ಲೂಕೋಸ್ ಏರಿಸಲು ಯಾರಿಗಾದರೂ ಕೈ ಹಿಂಜರಿದೀತು.

ಬ್ರಿಟನ್ನಿನ ಆರೋಗ್ಯ ಸೇವೆ 2016ರಲ್ಲಿ, ಇನ್ಸಿಪಿಡಸ್ ರೋಗಿಗಳಿಗೆ ಡೆಸ್ಮೊಪ್ರೆಸಿನ್ ತಪ್ಪಿಸುವುದು ಅಥವಾ ತಡಮಾಡುವುದು ಜೀವಕ್ಕೇ ಅಪಾಯ ಎಂದು ಎಲ್ಲ ಆಸ್ಪತ್ರೆಗಳಿಗೆ ಎಚ್ಚರಿಕೆ ಹೊರಡಿಸಿತು. 2022ರಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳ ಸಮೀಕ್ಷೆಯೊಂದು ಪ್ರಕಟವಾಯಿತು. ವೈದ್ಯಕೀಯ ಸಿಬ್ಬಂದಿಯೇ ತಮ್ಮ ಕಾಯಿಲೆಯನ್ನು ಸಕ್ಕರೆ ಕಾಯಿಲೆಯೆಂದು ತಪ್ಪು ತಿಳಿದ ಅನುಭವ ಅವರಲ್ಲಿ ನೂರಕ್ಕೆ 80 ಮಂದಿಗೆ ಆಗಿತ್ತು. ಹೆಸರು ಬದಲಾಗಲಿ ಎಂದವರು 85 ಮಂದಿ. ಅದೇ ವರ್ಷ ಹಲವು ದೇಶಗಳ ಹಾರ್ಮೋನ್ ತಜ್ಞರ ಸಂಘಗಳು ಸೇರಿ ಹೊಸ ಹೆಸರುಗಳನ್ನು ಸೂಚಿಸಿದವು. ಮೆದುಳಿನಿಂದ ಹಾರ್ಮೋನ್ ಬಾರದಿದ್ದರೆ ಆರ್ಜಿನಿನ್ ವ್ಯಾಸೊಪ್ರೆಸಿನ್ ಡಿಫಿಷಿಯೆನ್ಸಿ, ಚಿಕ್ಕದಾಗಿ ಎವಿಪಿ-ಡಿ. ಕಿಡ್ನಿ ಸ್ಪಂದಿಸದಿದ್ದರೆ ಆರ್ಜಿನಿನ್ ವ್ಯಾಸೊಪ್ರೆಸಿನ್ ರೆಸಿಸ್ಟೆನ್ಸ್, ಅಂದರೆ ಎವಿಪಿ-ಆರ್. ಎರಡರಲ್ಲೂ ಡಯಾಬಿಟಿಸ್ ಎಂಬ ಪದ ಇಲ್ಲ, ಕೆಟ್ಟಿರುವುದು ಎಲ್ಲಿ ಎಂಬುದು ಹೆಸರಿನಲ್ಲೇ ಇದೆ.

ಹೊಸ ಹೆಸರು ಎಲ್ಲರ ಬಾಯಿಗೆ ಬರುವವರೆಗೆ ಹಳೆಯದನ್ನೂ ಜತೆಗೆ ಬರೆಯಬೇಕೆಂಬುದು ಆ ತಜ್ಞರದೇ ಸಲಹೆ. ಹಾಗಾಗಿ ಪಿಟ್ಯುಟರಿ ಆಪರೇಷನ್ ಆದವರ ಡಿಸ್ಚಾರ್ಜ್ ಸಮರಿಯಲ್ಲಿ ಇನ್ನು ಕೆಲವು ವರ್ಷ ಎರಡೂ ಕಾಣಬಹುದು. ಬೇರೆ ಯಾವುದೋ ತೊಂದರೆಗೆ ಬೇರೆ ಆಸ್ಪತ್ರೆಗೆ ದಾಖಲಾಗುವ ಇಂಥ ರೋಗಿಯ ಮನೆಯವರು ಫೈಲಿನ ಮೊದಲ ಪುಟದಲ್ಲೇ ಮೂರು ಸಂಗತಿ ಬರೆಸುವುದು ಒಳ್ಳೆಯದು: ಇದು ಸಕ್ಕರೆ ಕಾಯಿಲೆ ಅಲ್ಲ, ಡೆಸ್ಮೊಪ್ರೆಸಿನ್ ಯಾವ ಹೊತ್ತಿಗೆ ಎಷ್ಟು ಕೊಡಬೇಕು, ಬಾಯಿಗೆ ನೀರು ನಿಲ್ಲಿಸಿದ ದಿನ ಸೋಡಿಯಂ ಎಷ್ಟು ಸಲ ನೋಡಬೇಕು. ಕೊನೆಯ ಎರಡನ್ನು ಅವರ ಹಾರ್ಮೋನ್ ತಜ್ಞರು ಮೊದಲೇ ಬರೆದುಕೊಟ್ಟಿದ್ದರೆ, ರಾತ್ರಿ ಪಾಳಿಯಲ್ಲಿ ಈ ಕಾಯಿಲೆಯನ್ನು ಮೊದಲ ಸಲ ನೋಡುತ್ತಿರುವ ನರ್ಸ್‌ಗೂ ಏನು ಮಾಡಬೇಕೆಂದು ತಿಳಿಯುತ್ತದೆ.